ಒಂದೇ ಧರ್ಮ, ಹಲವು ಕಾಲ: ಸೋದರಮಾವನ ಸಂದೇಹಕ್ಕೆ ಬಹಾವುಲ್ಲಾ ಕೊಟ್ಟ ಉತ್ತರ

1861ರಲ್ಲಿ ಇರಾನಿನ ಶಿರಾಜ್ ಪಟ್ಟಣದ ವ್ಯಾಪಾರಿಯೊಬ್ಬರು ಬಾಗ್ದಾದಿಗೆ ಬಂದರು. ಹೆಸರು ಹಾಜಿ ಮಿರ್ಜಾ ಸೈಯದ್ ಮುಹಮ್ಮದ್. ಕರ್ಬಲಾದ ಪುಣ್ಯಕ್ಷೇತ್ರಗಳ ಯಾತ್ರೆಯೂ ಆಗಬೇಕಿತ್ತು, ಇರಾಕಿನಲ್ಲಿ ನೆಲೆಸಿದ್ದ ಸಹೋದರಿಯನ್ನೂ ನೋಡಬೇಕಿತ್ತು. ಆದರೆ ಅವರ ತಲೆಯನ್ನು ಕೊರೆಯುತ್ತಿದ್ದ ವಿಷಯವೇ ಬೇರೆ. ಆ ಸಹೋದರಿಯ ಒಬ್ಬನೇ ಮಗ ಸೈಯದ್ ಅಲಿ ಮುಹಮ್ಮದ್ 1844ರಲ್ಲಿ, ಇನ್ನೂ ಇಪ್ಪತ್ತೈದು ತುಂಬುವ ಮೊದಲೇ, ತಾನು ದೇವರಿಂದ ಬಂದವನೆಂದು ಸಾರಿ ‘ಬಾಬ್’ ಎಂಬ ಹೆಸರಿನಿಂದ ಪ್ರಸಿದ್ಧನಾದ. 1850ರಲ್ಲಿ ತಬ್ರೀಜ್ ಪಟ್ಟಣದ ಸೈನಿಕರ ಬಿಡಾರದ ಅಂಗಳದಲ್ಲಿ ಅವನನ್ನು ಗುಂಡಿಟ್ಟು ಕೊಂದರು. ತಂದೆಯಿಲ್ಲದ ಆ ಹುಡುಗನನ್ನು ಸಾಕಿ ಬೆಳೆಸಿದ್ದ ಇನ್ನೊಬ್ಬ ಸೋದರಮಾವ ಅವನನ್ನು ನಂಬಿ, ಅದೇ ವರ್ಷ ತೆಹರಾನಿನಲ್ಲಿ ತಲೆ ಕೊಟ್ಟರು. ಹಾಜಿಯವರಿಗೆ ಮಾತ್ರ ನಂಬಿಕೆ ಬಂದಿರಲಿಲ್ಲ.

ಬರುವುದಾದರೂ ಹೇಗೆ? ಶಿಯಾ ಮುಸ್ಲಿಮರ ನಂಬಿಕೆಯಂತೆ ಹನ್ನೆರಡನೆಯ ಇಮಾಮರು ಒಂಬತ್ತನೆಯ ಶತಮಾನದಲ್ಲೇ ಮರೆಯಾದವರು. ಕಾಲ ಕೂಡಿಬಂದಾಗ ಅವರು ಮತ್ತೆ ಕಾಣಿಸಿಕೊಂಡು, ಅನ್ಯಾಯ ತುಂಬಿದ ಲೋಕದಲ್ಲಿ ನ್ಯಾಯ ತುಂಬಬೇಕು. ಅದಕ್ಕೆ ಮೊದಲು ಆಕಾಶದಲ್ಲಿ, ಭೂಮಿಯಲ್ಲಿ ಇಂತಿಂಥ ಕುರುಹುಗಳು ಕಾಣಬೇಕು. ಇಷ್ಟೆಲ್ಲ ನಿರೀಕ್ಷೆಯ ಜಾಗದಲ್ಲಿ ಕಣ್ಣೆದುರೇ ಬೆಳೆದ ಸೋದರಳಿಯನನ್ನು ಕೂರಿಸುವುದು ಹೇಗೆ? ಹಾಜಿಯವರು ಸಂದೇಹಗಳನ್ನೆಲ್ಲ ಬರೆದು, ಬಾಬ್ ಅನುಯಾಯಿಗಳಿಗೆ ಆಗ ಆಸರೆಯಾಗಿದ್ದ ದೇಶಭ್ರಷ್ಟ ಇರಾನಿಯೊಬ್ಬರ ಕೈಗಿತ್ತರು. ಅವರೇ ಮಿರ್ಜಾ ಹುಸೇನ್ ಅಲಿ. ಮುಂದೆ ಲೋಕ ಅವರನ್ನು ಬಹಾವುಲ್ಲಾ ಎಂದು ಕರೆಯಿತು.

ಬಹಾಯಿ ಪರಂಪರೆ ಹೇಳುವಂತೆ ಎರಡು ಹಗಲು, ಎರಡು ರಾತ್ರಿಗಳಲ್ಲಿ ಉತ್ತರ ಸಿದ್ಧವಾಯಿತು. ಅಚ್ಚಿನಲ್ಲಿ ಇನ್ನೂರು ಪುಟ ಮೀರುವ ಆ ಉತ್ತರವೇ ‘ಕಿತಾಬೆ ಇಕಾನ್’. ಹಾಜಿಯವರ ಕೈಸೇರಿದ ಪ್ರತಿಯನ್ನು ನಕಲು ಮಾಡಿದ್ದು ಬಹಾವುಲ್ಲಾ ಅವರ ಹಿರಿಯ ಮಗ, ಆಗಿನ್ನೂ ಹದಿಹರೆಯದಲ್ಲಿದ್ದ ಅಬ್ದುಲ್ ಬಹಾ. ಮೂರು ತಲೆಮಾರು ಮನೆತನದಲ್ಲೇ ಉಳಿದ ಆ ಪ್ರತಿ ಈಗ ಇಸ್ರೇಲಿನ ಹೈಫಾದಲ್ಲಿರುವ ಬಹಾಯಿ ಪತ್ರಾಗಾರದಲ್ಲಿದೆ. ದೇವರು ಮನುಷ್ಯರಿಗೆ ತನ್ನ ಮಾರ್ಗವನ್ನು ಒಂದೇ ಸಲಕ್ಕೆ ತಿಳಿಸಿ ಮುಗಿಸುವುದಿಲ್ಲ, ಕಾಲಕಾಲಕ್ಕೆ ಒಬ್ಬೊಬ್ಬ ಗುರುವಿನ ಮೂಲಕ ಹಂತಹಂತವಾಗಿ ತಿಳಿಸುತ್ತ ಹೋಗುತ್ತಾನೆ; ಆದ್ದರಿಂದ ಧರ್ಮಗಳು ಹಲವಲ್ಲ, ಒಂದೇ ಧರ್ಮದ ಹಲವು ಹಂತಗಳು. ಬಹಾಯಿಗಳ ಈ ಬೋಧನೆಯ ಬೀಜ ಬಾಬ್ ಅವರ ಬರಹಗಳಲ್ಲೇ ಇತ್ತು. ಅದಕ್ಕೆ ಪೂರ್ತಿ ವಾದದ ರೂಪ ಸಿಕ್ಕಿದ್ದು ಈ ಗ್ರಂಥದಲ್ಲಿ.

ನಮಗೆ ಪರಿಚಿತವಾದ ‘ಎಲ್ಲ ಒಂದೇ’ ಇದಲ್ಲ

ದೇವನೊಬ್ಬ ನಾಮ ಹಲವು ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ಹಲವು ಹೊಳೆಗಳು ಒಂದೇ ಕಡಲು ಸೇರುವಂತೆ ಎಲ್ಲ ಮತಗಳೂ ಒಬ್ಬನೇ ದೇವರನ್ನು ತಲುಪುತ್ತವೆ ಎಂಬ ಭಾವನೆ ನಮ್ಮಲ್ಲಿ ಹಳೆಯದು. ರಾಮಕೃಷ್ಣ ಪರಮಹಂಸರು ಬೇರೆ ಬೇರೆ ಮತಗಳ ಸಾಧನೆಯನ್ನು ಮಾಡಿ ನೋಡಿ ಇದನ್ನೇ ಹೇಳಿದರು. ಈ ನೋಟದಲ್ಲಿ ಎಲ್ಲ ದಾರಿಗಳೂ ಇಂದಿಗೂ ತೆರೆದಿವೆ, ಯಾರೂ ತಮ್ಮ ದಾರಿ ಬಿಡಬೇಕಾಗಿಲ್ಲ.

ಬಹಾಯಿಗಳು ಹೇಳುವುದು ಇದಕ್ಕಿಂತ ಬೇರೆ. ಅವರ ಮಾತಿನಲ್ಲಿ ಕಾಲದ ಲೆಕ್ಕವಿದೆ. ಅಬ್ರಹಾಮ, ಮೋಶೆ, ಜರತುಷ್ಟ್ರ, ಕೃಷ್ಣ, ಬುದ್ಧ, ಯೇಸು, ಮುಹಮ್ಮದ್, ಬಾಬ್, ಬಹಾವುಲ್ಲಾ ಎಲ್ಲರೂ ಒಂದೇ ಮೂಲದಿಂದ ಬಂದವರು, ಆದರೆ ಒಬ್ಬರಾದ ಮೇಲೆ ಒಬ್ಬರು ಬಂದವರು. ಹೊಸಬರು ಬಂದಾಗ ಹಿಂದಿನವರ ಸತ್ಯ ಸುಳ್ಳಾಗುವುದಿಲ್ಲ, ಅವರ ಕಟ್ಟಳೆಗಳ ಅವಧಿ ಮಾತ್ರ ಮುಗಿಯುತ್ತದೆ. ಒಬ್ಬ ಕ್ರೈಸ್ತನಿಗೆ ನಿನ್ನ ಯೇಸು ನಿಜ ಎಂದು ಬಹಾಯಿ ಒಪ್ಪುತ್ತಾನೆ. ಅದೇ ಉಸಿರಿನಲ್ಲಿ, ಯೇಸುವಿನ ನಂತರವೂ ದೇವರ ಮಾತು ಬಂದಿದೆ, ಅದನ್ನೂ ಕೇಳು ಎನ್ನುತ್ತಾನೆ. ಎಲ್ಲರೂ ಸರಿ ಎಂಬ ಸೌಜನ್ಯದ ಮಾತಿಗೂ ಇದಕ್ಕೂ ಬಹಳ ಅಂತರವಿದೆ. ಇದು ಚರಿತ್ರೆಯ ಬಗ್ಗೆ ಮಾಡಿದ ಒಂದು ನೇರ ಪ್ರತಿಪಾದನೆ. ಹಾಗಾಗಿಯೇ ಇದನ್ನು ಒಪ್ಪುವುದೂ ಕಷ್ಟ, ಪ್ರಶ್ನಿಸುವುದೂ ಸಾಧ್ಯ.

ನಕ್ಷತ್ರ ಉದುರುವುದು ಎಂದರೇನು?

ಹಾಜಿಯವರ ಸಂದೇಹಕ್ಕೆ ಬಹಾವುಲ್ಲಾ ನೇರವಾಗಿ ಉತ್ತರಿಸಲು ಹೊರಡುವುದಿಲ್ಲ. ಮೊದಲು ಒಂದು ಹಳೆಯ ಕಥಾಸರಣಿಯನ್ನು ಬಿಚ್ಚುತ್ತಾರೆ. ನೋಹ ಬಂದಾಗ ಜನ ನಕ್ಕರು, ಅಬ್ರಹಾಮನನ್ನು ಊರು ಬಿಡಿಸಿದರು, ಮೋಶೆಯನ್ನು ಫರೋಹ ಎದುರಿಸಿದ, ಯೇಸುವನ್ನು ಯೆಹೂದಿ ಪಂಡಿತರು ತಿರಸ್ಕರಿಸಿದರು, ಮುಹಮ್ಮದರನ್ನು ಮೆಕ್ಕಾದವರು ಅಟ್ಟಿದರು. ಪ್ರತಿ ಸಲವೂ ಜನ ಒಬ್ಬ ಉದ್ಧಾರಕನಿಗಾಗಿ ಕಾಯುತ್ತಲೇ ಇದ್ದರು, ಅವನು ಬಂದಾಗ ಅವರೇ ಬಾಗಿಲು ಹಾಕಿಕೊಂಡರು. ಹೀಗೇಕೆ ಎಂಬುದು ಅವರ ಪ್ರಶ್ನೆ.

ಉತ್ತರಕ್ಕಾಗಿ ಅವರು ಮುಸ್ಲಿಂ ವ್ಯಾಪಾರಿಯ ಮುಂದೆ ತೆರೆಯುವುದು ಕ್ರೈಸ್ತರ ಗ್ರಂಥವನ್ನು. ಮತ್ತಾಯನ ಸುವಾರ್ತೆಯ 24ನೇ ಅಧ್ಯಾಯದಲ್ಲಿ ಯೇಸು ತನ್ನ ಮರುಬರವಿನ ಕುರುಹುಗಳನ್ನು ಹೇಳುವ ಭಾಗವಿದೆ. ಸೂರ್ಯ ಕಪ್ಪಾಗುತ್ತಾನೆ, ಚಂದ್ರ ಬೆಳಕು ಕೊಡುವುದಿಲ್ಲ, ನಕ್ಷತ್ರಗಳು ಉದುರುತ್ತವೆ, ಆಮೇಲೆ ಮನುಷ್ಯಕುಮಾರ ಮೋಡಗಳ ಮೇಲೆ ಬರುತ್ತಾನೆ. ಕ್ರೈಸ್ತ ಪಾದ್ರಿಗಳು ಇದನ್ನು ಅಕ್ಷರಶಃ ಓದಿದರು. ಹಾಗೆ ಯಾವುದೂ ನಡೆಯದ ಕಾರಣ ಮುಹಮ್ಮದರನ್ನು ಒಪ್ಪಲಿಲ್ಲ. ಇಲ್ಲಿ ಬಹಾವುಲ್ಲಾ ಅವರ ಜಾಣ್ಮೆ ಕಾಣುತ್ತದೆ. ಕ್ರೈಸ್ತರು ಮುಹಮ್ಮದರ ವಿಷಯದಲ್ಲಿ ಮಾಡಿದ್ದು ತಪ್ಪು ಎಂದು ಹಾಜಿಯವರು ಮುಸ್ಲಿಮರಾಗಿ ಒಪ್ಪಲೇಬೇಕು. ಒಪ್ಪಿದ ಮೇಲೆ, ಅದೇ ಅಕ್ಷರಶಃ ಓದಿನಿಂದ ಸೋದರಳಿಯನನ್ನು ಅಳೆದದ್ದು ಹೇಗೆ ಸರಿಯಾದೀತು?

ಹಾಗಾದರೆ ಆ ಕುರುಹುಗಳ ಅರ್ಥವೇನು? ಸೂರ್ಯ ಚಂದ್ರರೆಂದರೆ ಹಿಂದಿನ ಧರ್ಮದ ಪ್ರಾರ್ಥನೆ, ಉಪವಾಸದಂಥ ಕಟ್ಟಳೆಗಳು. ಹೊಸ ಗುರು ಬಂದಾಗ ಅವುಗಳ ಬೆಳಕು ಮಂಕಾಗುತ್ತದೆ. ನಕ್ಷತ್ರಗಳೆಂದರೆ ಆ ಧರ್ಮದ ಪಂಡಿತರು. ಹೊಸ ಮಾತನ್ನು ಒಪ್ಪದೆ ತಮ್ಮ ಎತ್ತರದಿಂದ ಉದುರುವವರು ಅವರೇ. ಆಕಾಶ ಸೀಳುವುದೆಂದರೆ ಜನರ ತಲೆಯ ಮೇಲೆ ಚಾಚಿಕೊಂಡಿದ್ದ ಹಳೆಯ ವ್ಯವಸ್ಥೆ ಸೀಳಿಹೋಗುವುದು.

ಮೋಡದ ಅರ್ಥ ಇನ್ನೂ ಸ್ವಾರಸ್ಯದ್ದು. ಸೂರ್ಯನನ್ನು ಕಣ್ಣಿಗೆ ಬೀಳದಂತೆ ಮಾಡುವುದು ಮೋಡ. ದೇವರ ಕಡೆಯಿಂದ ಬಂದವನನ್ನು ಗುರುತಿಸದಂತೆ ಮಾಡುವ ಸಂಗತಿಗಳೆಲ್ಲ ಮೋಡಗಳೇ ಎನ್ನುತ್ತದೆ ಇಕಾನ್. ಅವನು ಎಲ್ಲರಂತೆ ಉಣ್ಣುತ್ತಾನೆ, ಮಲಗುತ್ತಾನೆ, ಬಡವನಾಗಿರುತ್ತಾನೆ, ಕಾಯಿಲೆ ಬೀಳುತ್ತಾನೆ. ಮೋಶೆಯ ಕೈಯಲ್ಲಿ ಒಬ್ಬ ಈಜಿಪ್ಟಿನವನ ಕೊಲೆಯಾಗಿತ್ತು, ಜೊತೆಗೆ ಅವನು ಬೆಳೆದದ್ದು ಶತ್ರುವಿನ ಅರಮನೆಯಲ್ಲಿ. ಯೇಸುವಿನ ಹುಟ್ಟಿನ ಬಗ್ಗೆ ಊರವರು ಆಡಿಕೊಳ್ಳುತ್ತಿದ್ದರು. ಇವೆಲ್ಲ ಮೋಡಗಳು. ಹಾಜಿಯವರಿಗೆ ಅಡ್ಡ ಬಂದ ಮೋಡ ಯಾವುದೆಂದು ಬೇರೆ ಹೇಳಬೇಕಾಗಿಲ್ಲ. ಬಂದವನು ಅವರ ಮನೆಯ ಹುಡುಗ.

ಇಸ್ಲಾಮಿನ ಚರಿತ್ರೆಯಿಂದಲೇ ಎತ್ತಿಕೊಂಡ ಒಂದು ಘಟನೆಯೂ ಇಲ್ಲಿ ಬರುತ್ತದೆ. ಮದೀನಾಕ್ಕೆ ಬಂದ ಹೊಸತರಲ್ಲಿ ಮುಹಮ್ಮದರೂ ಅವರ ಅನುಯಾಯಿಗಳೂ ಜೆರುಸಲೇಮಿನ ಕಡೆ ಮುಖಮಾಡಿ ನಮಾಜು ಮಾಡುತ್ತಿದ್ದರು. ಒಂದು ದಿನ ನಮಾಜಿನ ನಡುವೆಯೇ ಆಜ್ಞೆ ಬಂದು ಅವರು ಮೆಕ್ಕಾದ ಕಾಬಾದ ಕಡೆ ತಿರುಗಿದರು. ಕೆಲವರು ಇದನ್ನು ತಾಳಲಾರದೆ ಬಿಟ್ಟುಹೋದರು. ದೇವರು ದಿಕ್ಕಿಗೆ ಕಟ್ಟುಬಿದ್ದವನಲ್ಲ, ದಿಕ್ಕು ಬದಲಿಸಿದ್ದು ನಂಬಿಕೆಯ ಪರೀಕ್ಷೆಗೆ ಎಂಬುದು ಇಕಾನಿನ ವಿವರಣೆ. ಮುಂದೆ ಬಹಾಯಿಗಳ ಪ್ರಾರ್ಥನೆಯ ದಿಕ್ಕು ಮತ್ತೊಮ್ಮೆ ಬದಲಾಯಿತು. ಈಗ ಅವರು ಅಕ್ಕಾ ಪಟ್ಟಣದ ಹೊರಗಿನ ಬಹ್ಜಿಯಲ್ಲಿರುವ ಬಹಾವುಲ್ಲಾ ಅವರ ಸಮಾಧಿಯ ಕಡೆ ಮುಖ ಮಾಡುತ್ತಾರೆ.

ಎಲ್ಲಕ್ಕಿಂತ ದೊಡ್ಡ ಅಡ್ಡಗೋಡೆ ಕುರಾನಿನಲ್ಲೇ ಇತ್ತು. 33ನೇ ಅಧ್ಯಾಯ ಮುಹಮ್ಮದರನ್ನು ಪ್ರವಾದಿಗಳ ಮುದ್ರೆ ಎಂದು ಕರೆಯುತ್ತದೆ. ಅವರ ನಂತರ ಪ್ರವಾದಿಗಳು ಬರುವುದಿಲ್ಲ ಎಂಬುದು ಮುಸ್ಲಿಂ ವಿದ್ವಾಂಸರ ಸರ್ವಸಮ್ಮತ ಅರ್ಥ. ಬಹಾವುಲ್ಲಾ ಇದಕ್ಕೆ ಉತ್ತರಿಸಲು ಕುರಾನಿನ ಎರಡನೇ ಅಧ್ಯಾಯದ ಎರಡು ವಚನಗಳನ್ನು ಅಕ್ಕಪಕ್ಕ ಇಡುತ್ತಾರೆ. ದೇವದೂತರ ನಡುವೆ ಭೇದ ಮಾಡುವುದಿಲ್ಲ ಎನ್ನುತ್ತದೆ ಒಂದು. ಕೆಲವರನ್ನು ಕೆಲವರಿಗಿಂತ ಮೇಲೇರಿಸಿದ್ದೇವೆ ಎನ್ನುತ್ತದೆ ಇನ್ನೊಂದು. ಎರಡೂ ನಿಜವಾಗಬೇಕಾದರೆ ದೈವೀ ಗುರುಗಳಿಗೆ ಎರಡು ನೆಲೆಗಳಿರಬೇಕು. ಏಕತೆಯ ನೆಲೆಯಲ್ಲಿ ಎಲ್ಲರೂ ಒಬ್ಬರೇ, ಅಲ್ಲಿ ಪ್ರತಿಯೊಬ್ಬರೂ ಮೊದಲನೆಯವರು, ಪ್ರತಿಯೊಬ್ಬರೂ ಕೊನೆಯವರು. ವೈಶಿಷ್ಟ್ಯದ ನೆಲೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹೆಸರು, ಕಾಲ, ಕಟ್ಟಳೆ, ಗ್ರಂಥ. ಮುಹಮ್ಮದರು ಮುದ್ರೆ ಎಂಬುದು ಮೊದಲ ನೆಲೆಯಲ್ಲಿ ಹೇಳಿದ ಮಾತು, ಆ ಅರ್ಥದಲ್ಲಿ ಆದಮನೂ ಮುದ್ರೆಯೇ ಎಂಬಲ್ಲಿಗೆ ವಾದ ನಿಲ್ಲುತ್ತದೆ. ಮುಸ್ಲಿಂ ಪಂಡಿತರಿಗೆ ಇದು ಒಪ್ಪಿಗೆಯಾಗಲಿಲ್ಲ. ಹಾಜಿಯವರು ಒಪ್ಪಿದರು.

ಮುಂಬಯಿಯ ಪಾರ್ಸಿ ಪ್ರತಿನಿಧಿಯ ತಕರಾರು

ಇಕಾನಿನಲ್ಲಿ ಬರುವ ಹೆಸರುಗಳೆಲ್ಲ ಬೈಬಲ್ ಮತ್ತು ಕುರಾನಿನ ಲೋಕದವು. ಕೃಷ್ಣನಾಗಲಿ ಬುದ್ಧನಾಗಲಿ ಅಲ್ಲಿಲ್ಲ. ಭಾರತದ ಧರ್ಮಗಳ ಪ್ರಶ್ನೆಯನ್ನು ಬಹಾವುಲ್ಲಾ ಅವರ ಮುಂದಿಟ್ಟವರು ಮಾಣಿಕ್‌ಜಿ ಲಿಮ್‌ಜಿ ಹತಾರಿಯಾ. ಸೂರತ್ ಕಡೆಯ ಈ ಪಾರ್ಸಿಯನ್ನು ಮುಂಬಯಿಯ ಪಾರ್ಸಿಗಳು 1854ರಲ್ಲಿ ಇರಾನಿಗೆ ಕಳಿಸಿದ್ದರು. ಅಲ್ಲಿ ಹೀನಾಯ ಸ್ಥಿತಿಯಲ್ಲಿದ್ದ ಜರತುಷ್ಟ್ರ ಧರ್ಮೀಯರ ಪರವಾಗಿ ಆಸ್ಥಾನದಲ್ಲಿ ಓಡಾಡಿ, ಅವರ ಮೇಲಿನ ಜಿಜಿಯಾ ತೆರಿಗೆ ತೆಗೆಸುವುದು ಅವರ ಮುಖ್ಯ ಕೆಲಸವಾಗಿತ್ತು. ಆ ತೆರಿಗೆ 1882ರಲ್ಲಿ ರದ್ದಾಯಿತು.

ಮಾಣಿಕ್‌ಜಿ ಅಕ್ಕಾದಲ್ಲಿ ಸೆರೆಯಲ್ಲಿದ್ದ ಬಹಾವುಲ್ಲಾ ಅವರಿಗೆ ಪತ್ರ ಬರೆದು, ಉತ್ತರ ಅರಬ್ಬಿ ಪದಗಳಿಲ್ಲದ ಶುದ್ಧ ಪಾರಸಿಯಲ್ಲಿರಲಿ ಎಂದು ಕೋರಿದರು. ಉತ್ತರ ಹಾಗೆಯೇ ಬಂತು. ಬಹಾಯಿಗಳು ಇಂದಿಗೂ ಮತ್ತೆ ಮತ್ತೆ ನೆನೆಯುವ ವೈದ್ಯನ ಉಪಮೆ ಇರುವುದು ಆ ಪತ್ರದಲ್ಲಿ. ಎಲ್ಲ ಬಲ್ಲ ವೈದ್ಯನ ಬೆರಳು ಮನುಕುಲದ ನಾಡಿಯ ಮೇಲಿದೆ, ಅವನು ರೋಗ ನೋಡಿ ಔಷಧಿ ಕೊಡುತ್ತಾನೆ. ಇಂದಿನ ಬಾಧೆಗೆ ಬೇಕಾದ ಮದ್ದೇ ಬೇರೆ, ನಾಳೆಯದಕ್ಕೆ ಬೇಕಾದದ್ದೇ ಬೇರೆ. ಆದರೆ ಮಾಣಿಕ್‌ಜಿಗೆ ಸಮಾಧಾನವಾಗಲಿಲ್ಲ. ತಾನು ಕೇಳಿದ್ದಕ್ಕೆ ಬಿಡಿಬಿಡಿಯಾಗಿ ಉತ್ತರ ಬಂದಿಲ್ಲವೆಂದು ಅವರು ಮತ್ತೆ ಬರೆದರು. 1882ರಲ್ಲಿ ಎರಡನೆಯ, ದೀರ್ಘವಾದ ಉತ್ತರ ಬಂತು.

ಅವರ ಪ್ರಶ್ನೆಗಳು ಈಗ ಓದಿದರೂ ಮೊನಚಾಗಿವೆ. ಹಿಂದೂಗಳೂ ಪಾರ್ಸಿಗಳೂ ಹೊರಗಿನವರನ್ನು ತಮ್ಮ ಧರ್ಮಕ್ಕೆ ಸೇರಿಸಿಕೊಳ್ಳುವುದಿಲ್ಲ, ಕ್ರೈಸ್ತರು ಬಂದವರನ್ನು ಸೇರಿಸಿಕೊಳ್ಳುತ್ತಾರೆ, ಇನ್ನು ಕೆಲವರು ಬಲವಂತ ಮಾಡುತ್ತಾರೆ. ಇದರಲ್ಲಿ ಯಾವುದು ಸರಿ? ಪ್ರವಾದಿಗಳೆಲ್ಲ ಒಬ್ಬನೇ ದೇವರಿಂದ ಬಂದವರಾದರೆ ಒಬ್ಬರು ಇನ್ನೊಬ್ಬರ ಕಟ್ಟಳೆಯನ್ನು ಏಕೆ ರದ್ದು ಮಾಡುತ್ತಾರೆ? ಎರಡನೆಯ ಪ್ರಶ್ನೆ ಈ ಸಿದ್ಧಾಂತದ ಮರ್ಮಕ್ಕೇ ಕೈ ಹಾಕುತ್ತದೆ. ಉತ್ತರದ ಸಾರ ಮತ್ತೆ ಅದೇ ನಾಡಿ ಹಿಡಿದ ವೈದ್ಯ. ಕಾಲದ ಅಗತ್ಯ ಬದಲಾಗುವುದರಿಂದ ಕಟ್ಟಳೆ ಬದಲಾಗುತ್ತದೆ, ಕೊಡುವವನು ಬದಲಾಗುವುದಿಲ್ಲ.

ವಿಚ್ಛೇದನದ ಕಟ್ಟಳೆ: ಒಂದು ಉದಾಹರಣೆ

ಇದನ್ನು ಇನ್ನಷ್ಟು ಬಿಡಿಸಿ ಹೇಳಿದವರು ಅಬ್ದುಲ್ ಬಹಾ. 1904ರಿಂದ 1906ರವರೆಗಿನ ಅವಧಿಯಲ್ಲಿ ಅಕ್ಕಾದಲ್ಲಿ ಊಟದ ಮೇಜಿನ ಸುತ್ತ ಅಮೆರಿಕದ ಲಾರಾ ಕ್ಲಿಫರ್ಡ್ ಬಾರ್ನಿ ಕೇಳಿದ ಪ್ರಶ್ನೆಗಳಿಗೆ ಅವರು ಕೊಟ್ಟ ಉತ್ತರಗಳು 1908ರಲ್ಲಿ ಪುಸ್ತಕವಾದವು. ದೇವರ ಕಟ್ಟಳೆಯಲ್ಲಿ ಎರಡು ಭಾಗಗಳಿವೆ ಎಂದು ಅವರು ಅದರಲ್ಲಿ ವಿವರಿಸುತ್ತಾರೆ. ಸತ್ಯ, ದಯೆ, ನ್ಯಾಯ, ದೇವರ ಅರಿವು ಇವು ಬುಡದ ಭಾಗ, ಯಾವ ಕಾಲದಲ್ಲೂ ರದ್ದಾಗುವುದಿಲ್ಲ. ಪ್ರಾರ್ಥನೆಯ ವಿಧಾನ, ಉಪವಾಸ, ಮದುವೆ, ವಿಚ್ಛೇದನ, ಶಿಕ್ಷೆ ಇವು ಹೊರಗಿನ ಭಾಗ, ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. ಮೋಶೆಯ ಕಾಲದಲ್ಲಿ ಇಸ್ರೇಲರು ಮರುಭೂಮಿಯಲ್ಲಿ ಅಲೆಯುತ್ತಿದ್ದವರು, ಅವರಿಗೆ ಸೆರೆಮನೆ ಎಲ್ಲಿಂದ ಬರಬೇಕು? ಕಣ್ಣಿಗೆ ಕಣ್ಣು ಎಂಬಂಥ ಕಠಿಣ ಶಿಕ್ಷೆ ಆ ಸ್ಥಿತಿಗೆ ತಕ್ಕದ್ದಾಗಿತ್ತು, ಈಗ ಅದು ನಡೆಯುವ ಮಾತೇ ಎಂದು ಅವರು ಕೇಳುತ್ತಾರೆ.

ವಿಚ್ಛೇದನವನ್ನೇ ತೆಗೆದುಕೊಂಡು ನೋಡಬಹುದು. ಮೋಶೆಯ ಧರ್ಮಶಾಸ್ತ್ರ ಗಂಡನಿಗೆ ತ್ಯಾಗಪತ್ರ ಬರೆದುಕೊಟ್ಟು ಹೆಂಡತಿಯನ್ನು ಕಳಿಸಲು ಅವಕಾಶ ಕೊಟ್ಟಿತು. ಬಾಯಿಮಾತಿನಲ್ಲಿ ಹೊರದೂಡುವುದಕ್ಕಿಂತ ಕೈಯಲ್ಲೊಂದು ಪತ್ರವಿರುವುದು ಹೆಣ್ಣಿಗೆ ಆಧಾರವೇ. ಯೇಸು ಬಂದು ಅದನ್ನು ಬಿಗಿ ಮಾಡಿದ. ಮತ್ತಾಯನ ಸುವಾರ್ತೆಯ ಪ್ರಕಾರ ವ್ಯಭಿಚಾರದ ಕಾರಣವೊಂದನ್ನು ಬಿಟ್ಟರೆ ವಿಚ್ಛೇದನವಿಲ್ಲ. ಹಾಗಾದರೆ ಮೋಶೆ ಏಕೆ ಒಪ್ಪಿದ ಎಂದು ಕೇಳಿದವರಿಗೆ, ನಿಮ್ಮ ಎದೆ ಕಲ್ಲಾಗಿದ್ದರಿಂದ ಎಂಬ ಅರ್ಥದ ಉತ್ತರ ಸಿಕ್ಕಿತು. ಕುರಾನ್ ವಿಚ್ಛೇದನವನ್ನು ಮತ್ತೆ ಒಪ್ಪಿತು, ಆದರೆ ಅದಕ್ಕೆ ಕಟ್ಟುಗಳನ್ನು ಹಾಕಿತು. ಹೆಂಡತಿಗೆ ಮೂರು ಮುಟ್ಟಿನ ಅವಧಿಯ ಇದ್ದತ್ ವಿಧಿಸಿತು, ಗಂಡ ಹೆಂಡಿರ ನಡುವೆ ಬಿರುಕು ಕಂಡಾಗ ಎರಡೂ ಮನೆಯಿಂದ ಒಬ್ಬೊಬ್ಬ ಪಂಚನನ್ನು ಕೂರಿಸಬೇಕೆಂದಿತು. ಬಹಾವುಲ್ಲಾ ಅವರ ಕಟ್ಟಳೆಗಳ ಗ್ರಂಥ ‘ಕಿತಾಬೆ ಅಕ್ದಸ್’ ವಿಚ್ಛೇದನವನ್ನು ಇಷ್ಟಪಡುವುದಿಲ್ಲ, ನಿಷೇಧಿಸುವುದೂ ಇಲ್ಲ. ದಂಪತಿ ಒಂದು ಇಡೀ ವರ್ಷ ಬೇರೆಯಾಗಿದ್ದು ಕಾಯಬೇಕು. ಊರಿನ ಬಹಾಯಿಗಳು ಆರಿಸಿದ ಒಂಬತ್ತು ಜನರ ಆಧ್ಯಾತ್ಮಿಕ ಸಭೆ ಆ ವರ್ಷದ ಆರಂಭದ ದಿನವನ್ನು ಗೊತ್ತುಮಾಡಿ ರಾಜಿಗೆ ಪ್ರಯತ್ನಿಸುತ್ತದೆ. ಕೇಳುವ ಹಕ್ಕು ಗಂಡನಿಗಿರುವಷ್ಟೇ ಹೆಂಡತಿಗೂ ಇದೆ. ಆ ಅವಧಿಯಲ್ಲಿ ಹೆಂಡತಿಯ ಖರ್ಚು ಗಂಡನದು. ವರ್ಷ ಕಳೆದೂ ಪ್ರೀತಿ ಮರಳದಿದ್ದರೆ ಬಿಡುಗಡೆ.

ಈ ನಾಲ್ಕು ಹಂತಗಳನ್ನು ಸಾಲಾಗಿ ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಒಮ್ಮೆ ಸಡಿಲ, ಒಮ್ಮೆ ಬಿಗಿ, ಮತ್ತೆ ಸಡಿಲ. ಇದು ಒಂದರ ಮೇಲೊಂದು ಏರುವ ಮೆಟ್ಟಿಲಲ್ಲ. ಬಹಾಯಿಗಳು ಮಕ್ಕಳಿಗೆ ಹೇಳುವಾಗ ಬಳಸುವ ಶಾಲೆಯ ತರಗತಿಗಳ ಹೋಲಿಕೆ ಇಲ್ಲಿ ಸಾಲದು. ನಾಡಿ ನೋಡುವ ವೈದ್ಯನ ಮಾತೇ ಹೆಚ್ಚು ಹೊಂದುತ್ತದೆ. ಮುಂದಿನ ಗುರು ಹಿಂದಿನವನಿಗಿಂತ ದೊಡ್ಡವನೆಂದು ಬಹಾಯಿಗಳು ಹೇಳದಿರುವುದೂ ಇದಕ್ಕೇ. ಕೇಳುವ ಜನರ ಗ್ರಹಣಶಕ್ತಿ, ಕಾಲದ ಅಗತ್ಯ ಇವು ಬೆಳೆದಿವೆ, ಹೇಳುವವನ ತೂಕವಲ್ಲ.

ಕೃಷ್ಣ, ಬುದ್ಧ ಮತ್ತು ತೊಡಕುಗಳು

ಕೃಷ್ಣ ಮತ್ತು ಬುದ್ಧ ಈ ಸಾಲಿಗೆ ಸ್ಪಷ್ಟವಾಗಿ ಸೇರಿದ್ದು ಅಬ್ದುಲ್ ಬಹಾ ಅವರ ಮಾತುಗಳಲ್ಲಿ ಮತ್ತು 1921ರಿಂದ 1957ರವರೆಗೆ ಸಮುದಾಯವನ್ನು ನಡೆಸಿದ ಶೋಘಿ ಎಫೆಂದಿಯವರ ಪತ್ರಗಳಲ್ಲಿ. ಭಾರತದ ಬಹಾಯಿಗಳಿಗೆ ಇದರಿಂದ ಮಾತಿಗೊಂದು ದಾರಿಯಾಯಿತು. ಧರ್ಮ ಕುಗ್ಗಿದಾಗಲೆಲ್ಲ ತಾನು ಬರುವೆನೆಂದು ಗೀತೆಯ ನಾಲ್ಕನೆಯ ಅಧ್ಯಾಯದಲ್ಲಿ ಕೃಷ್ಣ ಕೊಡುವ ಭರವಸೆಯನ್ನು ಅವರು ತಮ್ಮ ಬೋಧನೆಯ ಹಳೆಯ ರೂಪವೆಂದೇ ಓದುತ್ತಾರೆ. ವೈಷ್ಣವರು ಕಾಯುವ ಕಲ್ಕಿ, ಬೌದ್ಧರು ಕಾಯುವ ಮೈತ್ರೇಯ, ಕ್ರೈಸ್ತರು ಕಾಯುವ ಯೇಸುವಿನ ಮರುಬರವು ಎಲ್ಲವೂ ಬಹಾವುಲ್ಲಾ ಅವರಲ್ಲಿ ಕೂಡಿದವೆಂಬುದು ಅವರ ನಂಬಿಕೆ.

ತೊಡಕು ಶುರುವಾಗುವುದೂ ಇಲ್ಲಿಯೇ. ಹಿಂದೂಗಳ ಅವತಾರವೆಂದರೆ ದೇವರೇ ಇಳಿದು ಬರುವುದು. ಬಹಾಯಿಗಳಿಗೆ ದೇವರ ನಿಜಸ್ವರೂಪ ಎಂದೂ ಇಳಿಯುವುದಿಲ್ಲ, ಯಾರಿಗೂ ನಿಲುಕುವುದಿಲ್ಲ. ಕನ್ನಡಿಯಲ್ಲಿ ಸೂರ್ಯ ಕಾಣುವಂತೆ ಗುರುವಿನಲ್ಲಿ ದೇವರ ಗುಣಗಳು ಕಾಣುತ್ತವೆ, ಅಷ್ಟೇ. ಪುನರ್ಜನ್ಮವನ್ನು ಅಬ್ದುಲ್ ಬಹಾ ಸಾಫಾಗಿ ನಿರಾಕರಿಸಿದ್ದಾರೆ. ಕರ್ಮ, ಪುನರ್ಜನ್ಮಗಳನ್ನು ಬಿಟ್ಟರೆ ಹಿಂದೂ ಧರ್ಮದಲ್ಲಿ ಉಳಿಯುವುದೇನು ಎಂದು ಸಂಪ್ರದಾಯಸ್ಥರು ಕೇಳಿದರೆ ಅದನ್ನು ತಳ್ಳಿಹಾಕುವಂತಿಲ್ಲ. ಬುದ್ಧನಂತೂ ಸೃಷ್ಟಿಕರ್ತ ದೇವರ ಮೇಲೆ ತನ್ನ ಬೋಧನೆಯನ್ನು ಕಟ್ಟಲೇ ಇಲ್ಲ. ಅವನನ್ನು ದೇವರ ಕಡೆಯಿಂದ ಬಂದವನೆಂದರೆ ಬೌದ್ಧರಿಗೆ ವಿಚಿತ್ರವೆನಿಸುತ್ತದೆ.

ಬಹಾಯಿಗಳು ಇದಕ್ಕೆ ಎರಡು ಬಗೆಯ ಉತ್ತರ ಕೊಡುತ್ತಾರೆ. ಕೃಷ್ಣ, ಬುದ್ಧರ ಮೂಲ ಮಾತುಗಳು ಇಂದಿನ ಗ್ರಂಥಗಳಲ್ಲಿ ಹಾಗೆಯೇ ಉಳಿದಿವೆ ಎನ್ನಲು ಆಧಾರ ಸಾಲದು ಎಂಬುದು ಶೋಘಿ ಎಫೆಂದಿಯವರ ಪರವಾಗಿ ಬರೆದ ಪತ್ರಗಳ ನಿಲುವು. ಇದು ಚರಿತ್ರೆಯ ದೃಷ್ಟಿಯಿಂದ ಸರಿಯಾದ ಎಚ್ಚರಿಕೆಯೇ. ಆದರೆ ಹೊಂದದ್ದನ್ನೆಲ್ಲ ನಂತರದ ಸೇರ್ಪಡೆ ಎಂದು ಬದಿಗಿಡಲು ಇದು ಸುಲಭದ ದಾರಿಯೂ ಆಗಬಹುದು ಎಂಬ ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ಇನ್ನೊಂದು ಉತ್ತರ ಬಹಾಯಿ ವಿದ್ವಾಂಸ ಮೂಜನ್ ಮೊಮೆನ್ 1988ರ ಪ್ರಬಂಧವೊಂದರಲ್ಲಿ ಮಂಡಿಸಿದ್ದು. ಪರಮ ಸತ್ಯ ಯಾರ ಮಾತಿಗೂ ಪೂರ್ತಿ ಸಿಕ್ಕುವುದಿಲ್ಲ, ನೋಡುವವನ ನೆಲೆಗೆ ತಕ್ಕಂತೆ ಅದು ಒಬ್ಬನಿಗೆ ದೇವರಾಗಿ, ಇನ್ನೊಬ್ಬನಿಗೆ ನಿರ್ಗುಣ ತತ್ತ್ವವಾಗಿ ಕಂಡೀತು ಎಂಬುದು ಅದರ ಸಾರ. ಶಂಕರ, ಮಧ್ವರ ವಾದಗಳನ್ನು ಕೇಳಿ ಬೆಳೆದ ಕನ್ನಡ ಓದುಗರಿಗೆ ಈ ಪ್ರಶ್ನೆ ಅಪರಿಚಿತವೇನಲ್ಲ. ಇದು ಇಲ್ಲಿಗೆ ಬಗೆಹರಿಯುವಂಥದ್ದೂ ಅಲ್ಲ.

ದೊಡ್ಡವರೆಲ್ಲ ಈ ಸಾಲಿನಲ್ಲಿ ಸೇರುವುದಿಲ್ಲ ಎಂಬುದನ್ನೂ ಹೇಳಬೇಕು. ಕನ್‌ಫ್ಯೂಷಿಯಸ್ ಮಹಾ ನೀತಿಸುಧಾರಕ, ಆದರೆ ಈ ಅರ್ಥದ ದೈವೀ ಗುರುವಲ್ಲ ಎನ್ನುತ್ತವೆ ಬಹಾಯಿ ಬರಹಗಳು. ಬಸವಣ್ಣನವರ ಹೆಸರು ಅವರ ಮೂಲಗ್ರಂಥಗಳಲ್ಲಿ ಬರುವುದಿಲ್ಲ. ಪಟ್ಟಿ ಇಷ್ಟೇ ಎಂದು ಅವರು ಹೇಳುವುದೂ ಇಲ್ಲ. ಎಲ್ಲ ನಾಡುಗಳಿಗೂ ಗುರುಗಳು ಬಂದಿದ್ದಾರೆ, ಅನೇಕರ ಹೆಸರು ಅಳಿಸಿಹೋಗಿದೆ ಎನ್ನುತ್ತಾರೆ. ನಿಜವಾದ ಗುರುವನ್ನು ಸುಳ್ಳು ಗುರುವಿನಿಂದ ಬೇರ್ಪಡಿಸಲು ಇಕಾನ್ ಪವಾಡಗಳನ್ನು ಕೇಳುವುದಿಲ್ಲ. ಅವನ ಮಾತಿನ ಬಲ, ಎಲ್ಲರೂ ತಿರುಗಿಬಿದ್ದಾಗ ಅವನು ತೋರುವ ಸ್ಥೈರ್ಯ, ಅವನನ್ನು ನಂಬಿದ ಜನರ ಬಾಳಿನಲ್ಲಾಗುವ ಬದಲಾವಣೆ, ಇವನ್ನು ನೋಡು ಎನ್ನುತ್ತದೆ.

ಆಚರಣೆಯಲ್ಲಿ ಏಕತೆ, ಲೆಕ್ಕಪತ್ರದಲ್ಲಿ ಪ್ರತ್ಯೇಕತೆ

ದೆಹಲಿಯ ಕಮಲ ಮಂದಿರಕ್ಕೆ ಹೋದ ಕನ್ನಡಿಗರು ಸಾವಿರಾರು ಮಂದಿ ಇರಬಹುದು. 1986ರಲ್ಲಿ ತೆರೆದ, ಇರಾನ್ ಮೂಲದ ಫರಿಬೋರ್ಜ್ ಸಾಹ್ಬಾ ವಿನ್ಯಾಸ ಮಾಡಿದ ಆ ಕಟ್ಟಡಕ್ಕೆ ಇಪ್ಪತ್ತೇಳು ದಳಗಳು, ಒಂಬತ್ತು ಬಾಗಿಲುಗಳು. ಒಳಗೆ ವಿಗ್ರಹವಿಲ್ಲ, ಪ್ರವಚನವಿಲ್ಲ, ವಾದ್ಯವಿಲ್ಲ. ಪ್ರಾರ್ಥನೆಯ ಹೊತ್ತಿನಲ್ಲಿ ಬೇರೆ ಬೇರೆ ಧರ್ಮಗಳ ಗ್ರಂಥಗಳಿಂದ ಓದುತ್ತಾರೆ, ವಾದ್ಯವಿಲ್ಲದೆ ಹಾಡುತ್ತಾರೆ. ಹಾಗೆ ಓದುವುದು ಅತಿಥಿ ಸತ್ಕಾರವಲ್ಲ. ಗೀತೆಯೂ ಬೈಬಲ್ಲೂ ಕುರಾನೂ ಅವರಿಗೆ ಒಂದೇ ಗ್ರಂಥದ ಬೇರೆ ಬೇರೆ ಅಧ್ಯಾಯಗಳು.

ಹಾಗೆಂದು ಬಹಾಯಿಯಾದವನು ಜೊತೆಗೆ ಚರ್ಚಿನ ಸದಸ್ಯನಾಗಿಯೂ ಮುಂದುವರಿಯುವಂತಿಲ್ಲ. ಪಾಶ್ಚಾತ್ಯ ದೇಶಗಳ ಬಹಾಯಿಗಳು ಹಳೆಯ ಚರ್ಚುಗಳ ಸದಸ್ಯತ್ವ ಬಿಡಬೇಕೆಂದು ಶೋಘಿ ಎಫೆಂದಿ ಸೂಚಿಸಿದರು. ಅವರಿಗೆ ತಮ್ಮದೇ ಪಂಚಾಂಗವಿದೆ, ಮಾರ್ಚ್ ತಿಂಗಳಲ್ಲಿ ಹತ್ತೊಂಬತ್ತು ದಿನಗಳ ಉಪವಾಸವಿದೆ, ಮದುವೆಗೆ ತಮ್ಮದೇ ನಿಯಮವಿದೆ. ಧರ್ಮಗಳೆಲ್ಲ ಒಂದೇ ಎನ್ನುವವರು ಪ್ರತ್ಯೇಕ ಧರ್ಮವಾಗಿ ಉಳಿದಿರುವುದು ವಿರೋಧಾಭಾಸದಂತೆ ಕಾಣುತ್ತದೆ. ಹಂತಗಳ ಲೆಕ್ಕದಲ್ಲಿ ನೋಡಿದರೆ ಅದು ಅನಿವಾರ್ಯ: ಈಗಿನ ಕಾಲದ ಕಟ್ಟಳೆ ಇದೆಂದು ನಂಬಿದವನು ಹಿಂದಿನ ಕಟ್ಟಳೆಯನ್ನೂ ಒಟ್ಟಿಗೆ ನಡೆಸಲಾರ.

ಈ ಪ್ರತ್ಯೇಕತೆಯನ್ನು ಮೊದಲು ಅಧಿಕೃತವಾಗಿ ಸಾರಿದವರು ವಿರೋಧಿಗಳೇ. ಈಜಿಪ್ಟಿನ ಬೇಬಾ ಪ್ರದೇಶದ ಹಳ್ಳಿಯೊಂದರಲ್ಲಿ ಬಹಾಯಿಗಳಾಗಿದ್ದ ಗಂಡಂದಿರಿಂದ ಮುಸ್ಲಿಂ ಹೆಂಡಂದಿರನ್ನು ಬಿಡಿಸಬೇಕೆಂಬ ದಾವೆ ಬಂದಾಗ, 1925ರಲ್ಲಿ ಅಲ್ಲಿನ ಮುಸ್ಲಿಂ ಧಾರ್ಮಿಕ ನ್ಯಾಯಾಲಯ ಮದುವೆಗಳನ್ನು ರದ್ದುಮಾಡಿತು. ಇದು ಇಸ್ಲಾಮಿನ ಪಂಗಡವಲ್ಲ, ಪೂರ್ತಿ ಸ್ವತಂತ್ರವಾದ ಹೊಸ ಧರ್ಮ, ಬೌದ್ಧನನ್ನೋ ಬ್ರಾಹ್ಮಣನನ್ನೋ ಮುಸ್ಲಿಮನೆಂದು ಹೇಗೆ ಕರೆಯಲಾಗದೋ ಬಹಾಯಿಯನ್ನೂ ಹಾಗೆಯೇ ಎಂದಿತು ತೀರ್ಪು. ಮನೆಗಳು ಮುರಿದವು. ಆದರೆ ಬಹಾಯಿಗಳು ಆ ತೀರ್ಪನ್ನೇ ತಮ್ಮ ಧರ್ಮಕ್ಕೆ ಸಿಕ್ಕ ಮನ್ನಣೆಯೆಂದು ಎಲ್ಲೆಡೆ ತೋರಿಸಿದರು.

ಇರಾನಿನಲ್ಲಿ ತೆತ್ತ ಬೆಲೆ ಇದಕ್ಕಿಂತ ಬಹಳ ಹೆಚ್ಚು. ಮುಹಮ್ಮದರ ನಂತರ ಇನ್ನೊಬ್ಬರು ಬಂದರೆಂಬ ಮಾತು ಅಲ್ಲಿನ ಧರ್ಮಾಧಿಕಾರಿಗಳ ದೃಷ್ಟಿಯಲ್ಲಿ ಕ್ಷಮೆಯಿಲ್ಲದ ಅಪರಾಧ. 1979ರ ಕ್ರಾಂತಿಯ ವರ್ಷದಲ್ಲೇ ಶಿರಾಜ್‌ನಲ್ಲಿದ್ದ ಬಾಬ್ ಅವರ ಮನೆಯನ್ನು ನೆಲಸಮ ಮಾಡಿದರು. ಮುಂದಿನ ವರ್ಷಗಳಲ್ಲಿ ಇನ್ನೂರಕ್ಕೂ ಹೆಚ್ಚು ಬಹಾಯಿಗಳ ಜೀವ ಹೋಯಿತು. 1983ರ ಜೂನ್‌ನಲ್ಲಿ ಅದೇ ಶಿರಾಜ್‌ನಲ್ಲಿ ಒಂದೇ ದಿನ ಹತ್ತು ಮಂದಿ ಹೆಂಗಸರನ್ನು ಗಲ್ಲಿಗೇರಿಸಿದರು. ನಂಬಿಕೆ ಬಿಟ್ಟೆವೆಂದರೆ ಪ್ರಾಣ ಉಳಿಯುತ್ತದೆ ಎಂದಾಗಲೂ ಅವರು ಒಪ್ಪಿರಲಿಲ್ಲ.

ಕೊನೆಯ ಗುರು ನಮ್ಮವನೇ ಎಂದು ಹೇಳುವ ಹಕ್ಕನ್ನು ಈ ಬೋಧನೆ ಯಾರಿಗೂ ಬಿಟ್ಟುಕೊಡುವುದಿಲ್ಲ, ಬಹಾಯಿಗಳಿಗೂ ಇಲ್ಲ. ಬಹಾವುಲ್ಲಾ ತಮ್ಮ ಕಟ್ಟಳೆಗಳಿಗೂ ಅವಧಿಯಿದೆ ಎಂದರು, ಅದರ ಕನಿಷ್ಠ ಮಿತಿಯನ್ನೂ ಗೊತ್ತುಮಾಡಿದರು. ಒಂದು ಸಾವಿರ ವರ್ಷ ತುಂಬುವ ಮೊದಲು ದೇವರಿಂದ ನೇರ ಸಂದೇಶ ತಂದೆನೆಂದು ಯಾರು ಬಂದರೂ ನಂಬಬಾರದು ಎನ್ನುತ್ತದೆ ಕಿತಾಬೆ ಅಕ್ದಸ್. ತೆಹರಾನಿನ ನೆಲಮಾಳಿಗೆಯ ಸೆರೆಯಲ್ಲಿ ಬಹಾವುಲ್ಲಾ ಅವರಿಗೆ ದೈವೀ ಕರೆ ಬಂದ 1852ರಿಂದ ಆ ಎಣಿಕೆ ಶುರುವಾಗುತ್ತದೆ. ಬಹಾಯಿಗಳ ಲೆಕ್ಕದಲ್ಲಿ ಮುಂದಿನ ಗುರು ಬರುವುದು 2852ರ ನಂತರವೇ.